ಪ್ರೌಢಶಾಲೆಯಲ್ಲಿ ಸಹಪಾಠಿಗಳ ಕಾಟ ತಡೆಯುವ ಕಾರ್ಯಕ್ರಮಗಳು: ಟಿಪ್ಪಣಿಸಹಿತ ಗ್ರಂಥಸೂಚಿ

ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳ ಪ್ರೌಢಶಾಲಾ ಶಿಕ್ಷಕರು ಮತ್ತು ಹಾಸ್ಟೆಲ್ ವಾರ್ಡನ್‌ಗಳಿಗಾಗಿ ಸಿದ್ಧಪಡಿಸಿದ್ದು. 8ರಿಂದ 10ನೇ ತರಗತಿಗೆ ನೆರವಾಗುವ ಬರಹಗಳನ್ನಷ್ಟೇ ಆರಿಸಿಕೊಂಡಿದ್ದೇವೆ. ಅಕಾರಾದಿ ಕ್ರಮ ಬಿಟ್ಟು, ಮೊದಲು ಓದಬೇಕಾದದ್ದನ್ನು ಮೊದಲಿಗಿಟ್ಟಿದ್ದೇವೆ.

ಶಿಂದೆ ಮತ್ತು ಇತರರು (2018). ಬಿಹಾರದ ‘ಸೆಹರ್’ ಪ್ರಯೋಗ. ದಿ ಲ್ಯಾನ್ಸೆಟ್, ಸಂಪುಟ 392.
ಒಂದನ್ನೇ ಓದಲು ಬಿಡುವಿದ್ದರೆ ಇದನ್ನು ಓದಿ. ನಳಂದ ಜಿಲ್ಲೆಯ 74 ಸರ್ಕಾರಿ ಪ್ರೌಢಶಾಲೆಗಳಲ್ಲಿ 9ನೇ ತರಗತಿಯ ಮಕ್ಕಳೊಂದಿಗೆ ನಡೆದ ಪ್ರಯೋಗ. ಕೆಲವು ಶಾಲೆಗಳಲ್ಲಿ ತರಬೇತಿ ಪಡೆದ ಸ್ಥಳೀಯ ಆಪ್ತಸಲಹೆಗಾರರು, ಕೆಲವು ಶಾಲೆಗಳಲ್ಲಿ ಅಲ್ಲಿನ ಶಿಕ್ಷಕರೇ ಒಂದೇ ಕಾರ್ಯಕ್ರಮವನ್ನು ನಡೆಸಿದರು: ದೂರು ಪೆಟ್ಟಿಗೆ, ಗೋಡೆ ಪತ್ರಿಕೆ, ಗುಂಪು ಚರ್ಚೆ, ಒಬ್ಬೊಬ್ಬರೊಂದಿಗೆ ಮಾತುಕತೆ. ಆಪ್ತಸಲಹೆಗಾರರಿದ್ದ ಕಡೆ ಶಾಲೆಯ ವಾತಾವರಣ ಸುಧಾರಿಸಿ ಕಾಟ ಇಳಿಯಿತು. ಶಿಕ್ಷಕರು ನಡೆಸಿದ ಕಡೆ ಬದಲಾವಣೆ ಕಾಣಲಿಲ್ಲ. ಇದನ್ನು ಶಿಕ್ಷಕರ ಮೇಲಿನ ದೂರೆಂದು ಓದಬಾರದು. ಪಾಠ, ಪರೀಕ್ಷೆ, ಬಿಸಿಯೂಟದ ಲೆಕ್ಕ ಇಷ್ಟರ ಜೊತೆಗೆ ಇನ್ನೊಂದು ಹೊರೆ ಹೊರಿಸಿದರೆ ಏನಾದೀತು ಎಂದು ನಾವೆಲ್ಲ ಬಲ್ಲೆವು. ಅಂಕ ಕೊಡುವ, ಗದರಿಸುವ ವ್ಯಕ್ತಿಯ ಮುಂದೆ ಮಗು ಬಾಯಿ ಬಿಡುವುದೂ ಕಷ್ಟ.

ನಮ್ಮಲ್ಲಿ ಅಳವಡಿಸುವವರಿಗೆ: ಪೆಟ್ಟಿಗೆಯನ್ನು ಸ್ಟಾಫ್ ರೂಮಿನ ಎದುರು ತೂಗುಹಾಕಬೇಡಿ, ಚೀಟಿ ಹಾಕುವವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ಚಿಕ್ಕ ಶಾಲೆಯಲ್ಲಿ ಕೈಬರಹ ಗುರುತು ಸಿಗುತ್ತದೆ. ಜಾಗ, ಹೊತ್ತು, ಬಗೆ ಇವುಗಳನ್ನು ಅಚ್ಚುಮಾಡಿದ ಚೀಟಿ ಕೊಟ್ಟು, ಗುರುತು ಹಾಕಿದರೆ ಸಾಕು ಎನ್ನಿ. ವಾರಕ್ಕೊಮ್ಮೆ, ಇಬ್ಬರು ಒಟ್ಟಿಗಿದ್ದು ತೆರೆಯಿರಿ.

ಯೇಗರ್, ಫಾಂಗ್, ಲೀ ಮತ್ತು ಎಸ್ಪಲೇಜ್ (2015). ಜರ್ನಲ್ ಆಫ್ ಅಪ್ಲೈಡ್ ಡೆವಲಪ್‌ಮೆಂಟಲ್ ಸೈಕಾಲಜಿ, ಸಂಪುಟ 37.
ಒಂದೇ ಕಾರ್ಯಕ್ರಮವನ್ನು ಬೇರೆ ಬೇರೆ ವಯಸ್ಸಿನವರಿಗೆ ಕೊಟ್ಟ ಅಧ್ಯಯನಗಳ ಸಮಗ್ರ ವಿಶ್ಲೇಷಣೆ. 7ನೇ ತರಗತಿಯವರೆಗೆ ಫಲ ಕಾಣುತ್ತದೆ, 8ರಿಂದಾಚೆಗೆ ಸರಾಸರಿ ಫಲ ಸೊನ್ನೆಗಿಳಿಯುತ್ತದೆ. ನಮ್ಮ ಪ್ರೌಢಶಾಲೆ ಶುರುವಾಗುವುದೇ ಆ ತರಗತಿಯಿಂದ. ಹದಿಹರೆಯದವರ ಕಾಟ ಹೊಡೆತಕ್ಕಿಂತ ಹೆಚ್ಚಾಗಿ ಗುಂಪಿನಿಂದ ಹೊರಗಿಡುವುದು, ಗಾಳಿಸುದ್ದಿ ಹಬ್ಬಿಸುವುದು ಇಂಥ ರೂಪ ತಾಳುತ್ತದೆ. ದೊಡ್ಡವರ ಉಪದೇಶ ಅವರಿಗೆ ತಮ್ಮನ್ನು ಚಿಕ್ಕವರಂತೆ ಕಂಡಹಾಗೆ ಅನ್ನಿಸುತ್ತದೆ. ಪ್ರಾಥಮಿಕ ಶಾಲೆಯ ಘೋಷಣೆ, ಭಿತ್ತಿಪತ್ರಗಳನ್ನೇ 9ನೇ ತರಗತಿಗೂ ಒಯ್ಯುವವರು ಇದನ್ನು ಓದಲೇಬೇಕು.

ಪಾಲಕ್, ಶೆಫರ್ಡ್ ಮತ್ತು ಅರೊನೊವ್ (2016). ಪಿಎನ್‌ಎಎಸ್, ಸಂಪುಟ 113.
ಯೇಗರ್ ಎತ್ತಿದ ತೊಡಕಿಗೆ ಒಂದು ದಾರಿ ಇಲ್ಲಿದೆ. ನ್ಯೂಜೆರ್ಸಿಯ 56 ಶಾಲೆಗಳಲ್ಲಿ ನಡೆದ ಅಧ್ಯಯನ. ನೀನು ಯಾರ ಜೊತೆ ಹೆಚ್ಚು ಹೊತ್ತು ಕಳೆಯುತ್ತೀಯ ಎಂದು ಎಲ್ಲರನ್ನೂ ಕೇಳಿ, ಮಕ್ಕಳ ನಂಟಿನ ಬಲೆಯನ್ನು ಗುರುತಿಸಿದರು. ಕಾರ್ಯಕ್ರಮ ನಡೆದ ಶಾಲೆಗಳಲ್ಲಿ ಚಿಕ್ಕ ಗುಂಪೊಂದು ಜಗಳದ ವಿರುದ್ಧ ತನ್ನದೇ ರೀತಿಯಲ್ಲಿ ಕೆಲಸ ಮಾಡಿತು. ವರ್ಷದಲ್ಲಿ ಜಗಳದ ಶಿಸ್ತು ವರದಿಗಳು 30% ಇಳಿದವು. ಗುಂಪಿನಲ್ಲಿ ಹೆಚ್ಚು ನಂಟಿರುವವರು ಇದ್ದಷ್ಟೂ ಫಲ ಹೆಚ್ಚು. ಇಲ್ಲಿ ಎಡವುವುದು ಆಯ್ಕೆಯಲ್ಲಿ: ಕ್ಲಾಸ್ ಲೀಡರ್‌ಗಳನ್ನೂ ಮೊದಲ ರ‍್ಯಾಂಕಿನವರನ್ನೂ ಸೇರಿಸಿಬಿಡುತ್ತೇವೆ. ಹಿಂದಿನ ಬೆಂಚಿನಲ್ಲಿ ಕೂತು ಎಲ್ಲರನ್ನೂ ನಗಿಸುವ ಹುಡುಗ, ಎಸ್ಟೇಟ್ ಲೈನಿನಿಂದ ಬರುವ ಮಕ್ಕಳು ಸುತ್ತ ಸೇರುವ ಹುಡುಗಿ, ಇಂಥವರು ಬೇಕು.

ಬೋನೆಲ್ ಮತ್ತು ಇತರರು (2018). ದಿ ಲ್ಯಾನ್ಸೆಟ್, ಸಂಪುಟ 392.
ಇಂಗ್ಲೆಂಡಿನ 40 ಪ್ರೌಢಶಾಲೆಗಳಲ್ಲಿ ನಡೆದ ‘ಲರ್ನಿಂಗ್ ಟುಗೆದರ್’. ಶಿಕ್ಷಕರು, ವಿದ್ಯಾರ್ಥಿಗಳು ಸೇರಿದ ಸಮಿತಿ, ಜೊತೆಗೆ ಮನಸ್ತಾಪ ಸರಿಪಡಿಸುವ ಮಾತುಕತೆ. ಮೂರು ವರ್ಷದ ನಂತರ ಕಾಟ ಸ್ವಲ್ಪ ಇಳಿಯಿತು, ಆಕ್ರಮಣಶೀಲತೆ ಇಳಿಯಲಿಲ್ಲ. ಒಂದು ಎಚ್ಚರಿಕೆ: ಇಬ್ಬರನ್ನೂ ಸಿದ್ಧತೆಯಿಲ್ಲದೆ ಎದುರುಬದುರು ಕೂರಿಸಿ ‘ಕೈ ಕುಲುಕಿ’ ಎನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಹಾಗೆ ಮಾಡಿದರೆ ನೊಂದ ಮಗುವಿಗೆ ಸಂಜೆಯ ಬಸ್ಸಿನಲ್ಲಿ ಅದರ ಬೆಲೆ ತೆರಬೇಕಾಗುತ್ತದೆ.

ಟೋಫಿ ಮತ್ತು ಫ್ಯಾರಿಂಗ್ಟನ್ (2011). ಜರ್ನಲ್ ಆಫ್ ಎಕ್ಸ್‌ಪೆರಿಮೆಂಟಲ್ ಕ್ರಿಮಿನಾಲಜಿ, ಸಂಪುಟ 7.
44 ಮೌಲ್ಯಮಾಪನಗಳ ವಿಶ್ಲೇಷಣೆ. ಕಾಟ ಕೊಡುವುದು 20–23%, ಅನುಭವಿಸುವುದು 17–20% ಇಳಿದಿದೆ. ಪೋಷಕರ ಸಭೆ, ಆಟದ ಮೈದಾನದ ಮೇಲೆ ನಿಗಾ ಇರುವ ಕಾರ್ಯಕ್ರಮಗಳು ಹೆಚ್ಚು ಫಲ ಕೊಟ್ಟವು.

ಸೋಲ್ಬರ್ಗ್ ಮತ್ತು ಓಲ್ವೇಯಸ್ (2003). ಅಗ್ರೆಸಿವ್ ಬಿಹೇವಿಯರ್, ಸಂಪುಟ 29.
ಸಮೀಕ್ಷೆಗೆ ಮುನ್ನ ಓದಿ. ಯಾರನ್ನು ಕಾಟಕ್ಕೊಳಗಾದವರೆಂದು ಎಣಿಸಬೇಕು ಎಂಬುದಕ್ಕೆ ‘ತಿಂಗಳಿಗೆ ಎರಡು ಮೂರು ಸಲ’ ಎಂಬುದನ್ನು ಗಡಿಗೆರೆಯಾಗಿ ಸಮರ್ಥಿಸುವ ಲೇಖನ. ಕನ್ನಡದ ಪ್ರಶ್ನಾವಳಿಯಲ್ಲಿ ಪದದ ಆಯ್ಕೆಯೇ ಕಷ್ಟ. ‘ರೇಗಿಸುವುದು’ ಎಂದರೆ ಗೆಳೆಯರ ತಮಾಷೆಯೂ ಸೇರಿಬಿಡುತ್ತದೆ. ‘ಪೀಡನೆ’ ಎಂದರೆ ಮಕ್ಕಳು ಹೊಡೆತವನ್ನಷ್ಟೇ ಲೆಕ್ಕಹಾಕಬಹುದು. ‘ಬೇಕಂತಲೇ, ಪದೇ ಪದೇ ಕಾಟ ಕೊಡೋದು, ತಿರುಗಿ ಎದುರಿಸೋಕೆ ಆಗದಿರೋದು’ ಎಂದು ಬಿಡಿಸಿ ಬರೆದು, ಜೋರಾಗಿ ಓದಿ ಹೇಳಿ.

ಪೋಕ್ಸೋ ಕಾಯ್ದೆ, 2012.
ಇದು ಕಾರ್ಯಕ್ರಮವಲ್ಲ, ಕಾರ್ಯಕ್ರಮದ ಎಲ್ಲೆ. ಕಾಟದಲ್ಲಿ ಲೈಂಗಿಕ ಅಪರಾಧದ ಅಂಶ ಕಂಡರೆ ಮೇಲಿನ ಯಾವ ಮಾತುಕತೆಯೂ ಅನ್ವಯಿಸದು. ಸೆಕ್ಷನ್ 19ರಂತೆ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಸೆಕ್ಷನ್ 21ರಡಿ ಶಿಕ್ಷೆಯುಂಟು. ಮಕ್ಕಳ ಸಹಾಯವಾಣಿ 1098 ಸಂಖ್ಯೆ ಹಾಸ್ಟೆಲ್‌ನ ಊಟದ ಕೋಣೆಯಲ್ಲಿ, ಮಕ್ಕಳ ಕಣ್ಣೆತ್ತರದಲ್ಲಿ ಇರಲಿ.