ಠರಾವು ಸಂಖ್ಯೆ ಏಳು

ಶುಕ್ರವಾರದೊಳಗೆ ಹೊಸ ಸೇತುವೆಯ ಹೆಸರು ತಿಳಿಸದಿದ್ದರೆ ಕಲ್ಲಿನ ಮೇಲೆ ಕಾಮಗಾರಿಯ ಸಂಖ್ಯೆಯನ್ನಷ್ಟೇ ಕೆತ್ತಿಸುತ್ತೇನೆ ಎಂದು ಇಂಜಿನಿಯರರು ಹೇಳಿ ಹೋಗಿದ್ದರು. ಅದಕ್ಕಾಗಿಯೇ ಬುಧವಾರ ಮಧ್ಯಾಹ್ನ ಶಾಲೆಯ ದೊಡ್ಡ ಕೋಣೆಯಲ್ಲಿ ಗ್ರಾಮಸಭೆ ಸೇರಿತು. ಬೆಂಚುಗಳು ಸಾಲದೆ ಗಂಡಸರು ಕಿಟಕಿಗೆ ಒರಗಿ ನಿಂತರು, ಹೆಂಗಸರು ಬಿಸಿಯೂಟದ ಚಾಪೆ ಹಾಸಿಕೊಂಡು ಕುಳಿತರು. ಪಂಚಾಯತಿಯ ಗುಮಾಸ್ತನಾದ ನಾನು ನಡಾವಳಿ ಪುಸ್ತಕ ತೆರೆದು ದಿನಾಂಕ ಬರೆದೆ. ಹಾಜರಾತಿ ಪುಟದಲ್ಲಿ ಅಷ್ಟೊಂದು ಸಹಿ, ಅಷ್ಟೊಂದು ಹೆಬ್ಬೆಟ್ಟು ಅದುವರೆಗೆ ಬಿದ್ದಿರಲಿಲ್ಲ.

ನಮ್ಮೂರನ್ನು ಅಘನಾಶಿನಿ ಎರಡು ಪಾಲು ಮಾಡಿದ್ದಾಳೆ. ಶಾಲೆ, ಪಂಚಾಯತಿ, ಸೊಸೈಟಿ ಈಚೆ ದಡದಲ್ಲಿವೆ. ಗದ್ದೆಗಳು, ಹಾಲಕ್ಕಿಗಳ ಕೊಪ್ಪ, ನಾಯ್ಕರ ಕೇರಿ ಆಚೆ. ಈ ಹೊಳೆಗೆ ಎಲ್ಲಿಯೂ ಅಣೆಕಟ್ಟು ಕಟ್ಟಿಲ್ಲ. ನಮಗದು ಹೆಮ್ಮೆ. ಆದರೆ ಘಟ್ಟದ ಮೇಲೆ ಶಿರಸಿಯ ಕಡೆ ಸುರಿದ ಮಳೆಯೆಲ್ಲ ತಡೆಯಿಲ್ಲದೆ ನಮ್ಮ ಅಂಗಳಕ್ಕೇ ಇಳಿಯುತ್ತದೆ. ಆಷಾಢ ಶ್ರಾವಣಗಳಲ್ಲಿ ದೋಣಿ ನಿಂತರೆ ಆಚೆ ದಡದವರಿಗೆ ಉಳಿಯುವುದು ಕಾಡಿನ ಸುತ್ತುದಾರಿ, ಅದೂ ಹಳ್ಳಗಳು ಬಿಟ್ಟುಕೊಟ್ಟರೆ. ನನ್ನ ಅಜ್ಜನ ಕಾಲದಿಂದ ಅರ್ಜಿ ಕೊಟ್ಟು, ಮೂರು ಸಲ ಅಳತೆ ಮಾಡಿಸಿ, ಎರಡು ಸಲ ಗುದ್ದಲಿ ಪೂಜೆ ನೋಡಿ, ಈಗ ಎದ್ದ ಸೇತುವೆ ಇದು. ಹೆಸರಿಗಾಗಿ ಜನ ಜಗಳವಾಡಿದರೆಂದು ಹೊರಗಿನವರು ನಕ್ಕಾರು. ನಾನು ನಗುವುದಿಲ್ಲ. ಅಷ್ಟು ಕಾದವರಿಗೆ ಕೊನೆಯ ಮಾತು ತಮ್ಮದಾಗಬೇಕೆನಿಸುವುದು ಸಹಜ.

ಮೊದಲು ಎದ್ದವರು ಸುಬ್ರಾಯ ಹೆಗಡೆಯವರು. ಕೂಡುರಸ್ತೆಗೆ ಹನ್ನೊಂದು ಗುಂಟೆ ತೋಟವನ್ನು, ಫಲ ಬಿಡುತ್ತಿದ್ದ ಅಡಿಕೆ ಮರಗಳ ಸಹಿತ, ಅವರ ಮನೆಯವರು ಬಿಟ್ಟುಕೊಟ್ಟಿದ್ದರು. "ನನ್ನ ಹೆಸರು ಬೇಡ. ಮರ ಕಡಿಯುವ ದಿನ ಅಪ್ಪಯ್ಯ ಊಟ ಮಾಡಲಿಲ್ಲ, ಆದರೂ ಸಹಿ ಹಾಕಿದರು. ಅವರ ಹೆಸರಿರಲಿ ಎನ್ನುವುದು ಅತಿಯಾಸೆಯೇ?" ಎಂದರು. ಯಾರೂ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಕೊಪ್ಪದ ತಿಮ್ಮಣ್ಣ ಗೌಡ ಸುಕ್ರಜ್ಜಿಯ ಹೆಸರು ಹೇಳಿದ. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ನಮ್ಮ ಹಾಡುಗಳನ್ನು ದೆಹಲಿಯವರೆಗೆ ಒಯ್ದವರು, 2017ರಲ್ಲಿ ಪದ್ಮಶ್ರೀ ಪಡೆದವರು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. "ಗದ್ದೆಗೆ ಇಳಿದು ನಟ್ಟಿ ಮಾಡಿದವರ ಹೆಸರು ಈ ತಾಲೂಕಿನಲ್ಲಿ ಎಷ್ಟು ಕಲ್ಲಿನ ಮೇಲಿದೆ, ತೋರಿಸಿ" ಎಂದು ಕೇಳಿದ. ಕಿಟಕಿಯ ಬಳಿಯ ಹುಡುಗರಿಗೆ ಪುನೀತ್ ರಾಜ್‌ಕುಮಾರ್ ಹೆಸರು ಬೇಕಿತ್ತು. ಅವರ ಮುಂದಾಳು ರಾಘವೇಂದ್ರ, "ಬೆಂಗಳೂರಿನಲ್ಲಿ ರಸ್ತೆಗೇ ಇಟ್ಟಿದ್ದಾರೆ. ಅವರು ಹೋದ ಮೇಲೆ ನಮ್ಮೂರಲ್ಲಿ ಎಷ್ಟು ಜನ ಕಣ್ಣುದಾನಕ್ಕೆ ಬರೆದುಕೊಟ್ಟರು ಎಂಬುದನ್ನು ಗುಮಾಸ್ತರೇ ಹೇಳಲಿ" ಎಂದ. ಅರ್ಜಿ ತುಂಬಿಕೊಟ್ಟವನು ನಾನೇ, ಹೇಳಿದೆ. ದೇವಸ್ಥಾನದ ಮೊಕ್ತೇಸರರು ಸಿಗಂದೂರಿನ ಕಡೆ ಕೈ ತೋರಿದರು: ಶರಾವತಿ ಹಿನ್ನೀರಿನ ಆ ದೊಡ್ಡ ಸೇತುವೆಗೆ ಚೌಡೇಶ್ವರಿ ಅಮ್ಮನವರ ಹೆಸರಿಟ್ಟಿರುವಾಗ ನಮ್ಮ ಗ್ರಾಮದೇವತೆ ಯಾರಿಗೆ ಕಡಿಮೆ?

ಸಂಜೆ ನಾಲ್ಕರ ಹೊತ್ತಿಗೆ ಮಾತು ಹೆಸರುಗಳನ್ನು ಬಿಟ್ಟು ಮನೆಗಳಿಗೆ ಇಳಿಯಿತು. ಯಾರ ಮನೆಯವರು ಯಾವ ವರ್ಷ ವಂತಿಗೆ ಕೊಡಲಿಲ್ಲ, ಯಾರು ಅಳತೆಯವರನ್ನು ತಮ್ಮ ಗದ್ದೆಯ ಅಂಚಿನಿಂದ ಓಡಿಸಿದರು, ಎಲ್ಲವೂ ಬಂತು. ಅಭಿವೃದ್ಧಿ ಅಧಿಕಾರಿಯವರು ಎರಡು ಸಲ ಮೇಜು ಕುಟ್ಟಿದರು. ಆಗ ನಿವೃತ್ತ ಮಾಸ್ತರರು, ಜಗಳ ನಿಲ್ಲಲೆಂಬ ಒಳ್ಳೆಯ ಮನಸ್ಸಿನಿಂದಲೇ, ಹೇಳಿದರು: "ಈ ಸೇತುವೆಗೆ ಮಂಜೂರಾತಿ ಸಿಕ್ಕಿದ್ದು ನಾಗವೇಣಿ ಹೋದ ಮೇಲೆ. ಆ ಮಗುವಿನ ಹೆಸರನ್ನೇ ಇಡೋಣ."

ಕೋಣೆ ಗಪ್ಪಾಯಿತು.

2019ರ ಆಗಸ್ಟಿನ ನೆರೆಯಲ್ಲಿ ಆದದ್ದು ಅದು. ನೀರು ಕೊಟ್ಟಿಗೆಗೆ ನುಗ್ಗಿದಾಗ ದನ ಬಿಚ್ಚಲು ಹೋದ ನಾಗವೇಣಿಗೆ ಕೊಳಕುಮಂಡಲ ಕಚ್ಚಿತ್ತು. ಬಿಲಗಳೆಲ್ಲ ಮುಳುಗಿ ಹಾವುಗಳು ಮನೆಗಳ ಕಡೆಗೆ ಬಂದಿದ್ದವು. ಔಷಧಿ ಕುಮಟೆಯ ಆಸ್ಪತ್ರೆಯಲ್ಲಿತ್ತು. ಸುತ್ತುದಾರಿಯ ಹಳ್ಳಗಳು ಎದೆಮಟ್ಟಕ್ಕೆ ಹರಿಯುತ್ತಿದ್ದವು. ಗಂಡ ಮಂಜುನಾಥ ಅವಳನ್ನು ಕಂಬಳಿಯ ಜೋಲಿಯಲ್ಲಿ ದಡಕ್ಕೆ ತಂದ. ಗಣಪ ಅಂಬಿಗ ದೋಣಿ ಇಳಿಸಲಿಲ್ಲ. ಬೆಳಗಾಗುವ ಮೊದಲು ಅವಳು ತೀರಿಕೊಂಡಳು. ಊರಿಗೆ ಗೊತ್ತಿದ್ದುದು ಇಷ್ಟು. ಗೊತ್ತಿಲ್ಲದ್ದನ್ನು ಊರು ತಾನೇ ಸೇರಿಸಿಕೊಂಡಿತು: ಗಣಪ ಹೆದರಿದ, ಗಣಪ ಕುಡಿದಿದ್ದ, ಹಿಂದಿನ ಸುಗ್ಗಿಯಲ್ಲಿ ಆ ಮನೆಯವರು ಭತ್ತ ಕಡಿಮೆ ಅಳೆದರೆಂದು ಮನಸ್ಸಿನಲ್ಲಿಟ್ಟುಕೊಂಡಿದ್ದ. ಆಚೆ ದಡದ ಪ್ರತಿಯೊಂದು ಮನೆಯವರೂ ವರ್ಷಕ್ಕೆ ಎರಡು ಕೊಳಗ ಭತ್ತವನ್ನು ದೋಣಿಯವನಿಗೆ ಕೊಡುವುದು ಹಿಂದಿನಿಂದ ಬಂದ ಪದ್ಧತಿ. ಮಂಜುನಾಥ ಅಂದಿನಿಂದ ಭತ್ತ ನಿಲ್ಲಿಸಿದ, ದೋಣಿ ಹತ್ತುವುದನ್ನೂ ಬಿಟ್ಟ. ಮಗಳನ್ನು ಶಾಲೆಗೆ ಸುತ್ತುದಾರಿಯಲ್ಲೇ ಬೈಕಿನಲ್ಲಿ ಕರೆತರುತ್ತಿದ್ದ.

ಚಾಪೆಯ ಮೇಲಿಂದ ಅವನ ತಾಯಿ ಮಾದೇವಿ ಎದ್ದು ನಿಂತಳು. "ಮಾಸ್ತರರೇ, ಸೊಸೆಯ ಹೆಸರು ಬೇಡ" ಎಂದಳು. "ಅದರ ಮೇಲೆ ಲಾರಿ ಹಾಯುತ್ತದೆ, ದನ ಸಗಣಿ ಹಾಕುತ್ತದೆ. ನಾಳೆ ಬಿರುಕು ಬಿಟ್ಟರೆ ನಾಗವೇಣಿ ಬಿರುಕು ಬಿಟ್ಟಳು ಎನ್ನುತ್ತಾರೆ. ಕಾರವಾರದಲ್ಲಿ ಕಾಳಿ ಹೊಳೆಯ ಹಳೆಯ ಸೇತುವೆ ಬಿದ್ದದ್ದನ್ನು ಮೊಬೈಲಿನಲ್ಲಿ ನೋಡಿದ್ದೇವಲ್ಲ. ಹಾಗೇನಾದರೂ ಆದರೆ ಮೊಮ್ಮಗಳು ಆ ಮಾತನ್ನು ಎಷ್ಟು ಸಲ ಕೇಳಬೇಕು?"

"ಹಾಗಾದರೆ ಗಣಪನ ಹೆಸರಿಡಿ" ಎಂದು ಹಿಂದಿನಿಂದ ಯಾರೋ ಅಂದರು. ದನಿ ಯಾರದೆಂದು ಈಗಲೂ ಖಚಿತವಿಲ್ಲ. "ಮೂವತ್ತು ವರ್ಷ ದಾಟಿಸಿದ್ದಾನೆ. ಇನ್ನು ಅವನಿಗೆ ಕೆಲಸವೂ ಇಲ್ಲ."

ಗಣಪ ಬಾಗಿಲಾಚೆ ಜಗಲಿಯ ಮೇಲೆ ಕುಳಿತಿದ್ದ, ಒಳಗೆ ಬಂದಿರಲಿಲ್ಲ. ಮಂಜುನಾಥ ಬೆಂಚು ತಳ್ಳಿ ಎದ್ದ. "ಆ ಕಲ್ಲನ್ನು ನಾನೇ ಒಡೆದು ಹೊಳೆಗೆ ಹಾಕುತ್ತೇನೆ" ಎಂದ. ಕೂಗಲಿಲ್ಲ, ಅವನು ಕೂಗಿದ್ದರೆ ನಾವು ಇಷ್ಟು ಹೆದರುತ್ತಿರಲಿಲ್ಲ. ಇಬ್ಬರು ಹುಡುಗರು ಅವನ ತೋಳು ಹಿಡಿದರು.

"ಕೂತುಕೋ ಮಂಜು" ಎಂದಳು ಮಾದೇವಿ. ಅವನು ಕೂರಲಿಲ್ಲ. ಅವಳು ಮಗನ ಕಡೆ ನೋಡದೆ ನನ್ನ ಕಡೆ ತಿರುಗಿದಳು. "ವಿಠ್ಠಲ, ಬರೆದುಕೋ. ಅವತ್ತು ರಾತ್ರಿ ಗಣಪ ಹಗ್ಗ ಬಿಚ್ಚಿದ್ದ. ನೀನು ಜೋಲಿ ಎತ್ತಲು ಮೇಲಕ್ಕೆ ಹೋಗಿದ್ದೆ ಮಂಜು, ನಿನಗೆ ಗೊತ್ತಿಲ್ಲ. ಲಾಟೀನು ನನ್ನ ಕೈಯಲ್ಲಿತ್ತು. ಹೊಳೆಯಲ್ಲಿ ಬೇರು ಸಮೇತ ಮರಗಳು ಬರುತ್ತಿದ್ದವು. ಅವನು ಒಂದು ಕಾಲನ್ನು ದೋಣಿಯೊಳಗಿಟ್ಟು, ಅಮ್ಮ, ಏನು ಮಾಡಲಿ ಎಂದು ಕೇಳಿದ. ದೋಣಿ ಇಳಿದರೆ ನೀನೂ ಹತ್ತುತ್ತಿದ್ದೆ. ಮನೆಯಲ್ಲಿ ಎರಡು ವರ್ಷದ ಕೂಸು ಮಲಗಿತ್ತು. ಬೇಡವೆಂದೆ. ಬೇಡವೆಂದವಳು ನಾನು. ಅವನು ಹಗ್ಗ ಕಟ್ಟಿದ. ಇದನ್ನು ಯಾರಿಗೂ ಹೇಳಬೇಡ ಎಂದೂ ನಾನೇ ಅಂದೆ. ಹೇಳಲಿಲ್ಲ ಅವನು."

ಹೊರಗಿನಿಂದ ಗಣಪ, "ಅದನ್ನೆಲ್ಲ ಬರೆಯಬೇಡಿ ಗುಮಾಸ್ತರೇ" ಎಂದ.

"ಬರೆ" ಎಂದಳು ಮಾದೇವಿ.

ವಿಷಯಪಟ್ಟಿಯಲ್ಲಿ ಇಲ್ಲದ್ದನ್ನು ನಡಾವಳಿಗೆ ಸೇರಿಸುವುದು ಹೇಗೆಂದು ನಾನು ಅಧಿಕಾರಿಯವರ ಮುಖ ನೋಡಿದೆ. ಅವರು ಹೊರಗಿನವರು, ಬಂದು ಒಂದು ವರ್ಷವೂ ಆಗಿರಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು, "ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರ ವಿಷಯ ಎಂದು ಬರೆಯಿರಿ" ಎಂದರು. ಅಧ್ಯಕ್ಷರು ತಲೆಯಲ್ಲಾಡಿಸಿದರು. ಆರು ಠರಾವುಗಳು ಆಗಿದ್ದವು, ಬೀದಿದೀಪ, ನೀರಿನ ಕರ ಇತ್ಯಾದಿ. ಇದಕ್ಕೆ ಏಳನೆಯ ಸಂಖ್ಯೆ ಕೊಟ್ಟು ಅವಳ ಮಾತನ್ನು ಅವಳು ಹೇಳಿದ ಕ್ರಮದಲ್ಲೇ ಬರೆದೆ. ಕೊನೆಯಲ್ಲಿ ಅವಳು ಸೇರಿಸಿದ ಸಾಲು: 'ಗಣಪ ಅಂಬಿಗನ ಮೇಲೆ ಊರು ಹೊರಿಸಿದ ಮಾತು ಸುಳ್ಳು ಎಂದು ಸಭೆ ಒಪ್ಪಬೇಕು.' ಸೂಚಕರು ಎಂಬಲ್ಲಿ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡೆ. ಅನುಮೋದಕರು ಎಂಬ ಜಾಗಕ್ಕೆ ತಿಮ್ಮಣ್ಣ, ಹೆಗಡೆಯವರು, ರಾಘವೇಂದ್ರ ಮೂವರೂ ಕೈ ಎತ್ತಿದರು. ಆದರೆ ಮಾದೇವಿ, "ಆ ಜಾಗ ಖಾಲಿ ಇರಲಿ" ಎಂದಳು. ಮಂಜುನಾಥ ಆಗಲೇ ಹೊರಟುಹೋಗಿದ್ದ, ಗಣಪನ ಮುಂದೆಯೇ ಜಗಲಿ ಇಳಿದು.

ಆಮೇಲೆ ಹೆಸರಿನ ಮಾತಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ದೋಣಿ ಕಟ್ಟುವ ಆ ಜಾಗವನ್ನು ಎರಡೂ ದಡದವರು ಹೊಂಗೆಗುಂಡಿ ಎಂದೇ ಕರೆಯುತ್ತಾರೆ, ಅದೇ ಇರಲಿ ಎಂದು ಹೆಗಡೆಯವರು ಸೂಚಿಸಿದರು. ಅವರ ದನಿಯಲ್ಲಿ ನೋವಿತ್ತು. ಆದರೂ ಅವರೇ ಸೂಚಿಸಿದ್ದರಿಂದ ಉಳಿದವರು ತಮ್ಮ ತಮ್ಮ ಹೆಸರುಗಳನ್ನು ಬಿಟ್ಟುಕೊಟ್ಟರು. ತಿಮ್ಮಣ್ಣ ಒಂದು ಷರತ್ತು ಹಾಕಿದ: ಕೊಪ್ಪದ ಅಂಗನವಾಡಿಗೆ ಸುಕ್ರಜ್ಜಿಯ ಹೆಸರನ್ನು ಮುಂದಿನ ಸಭೆಯಲ್ಲಿ ಚರ್ಚೆಗೆ ತರಬೇಕು. ಅದನ್ನೂ ಬರೆದೆ. ಬೆಳಗಿನ ಏಳೂವರೆಗೆ ಆಚೆ ದಡದವರೆಗೂ ಬಸ್ ಬರಬೇಕೆಂಬ ಬೇಡಿಕೆಯನ್ನು ಹೆಂಗಸರು ಒತ್ತಾಯದಿಂದ ಸೇರಿಸಿದರು. ಸೇತುವೆಗಿಂತ ಅವರಿಗೆ ಅದೇ ಮುಖ್ಯವಾಗಿತ್ತೆಂದು ನನಗೆ ಆಗ ಹೊಳೆಯಿತು.

ಕಲ್ಲು ಕೆತ್ತಿ ನಿಲ್ಲಿಸಿದರು, ಶಾಸಕರು ಬಂದು ಹೋದರು. ಮಂಜುನಾಥ ಆ ಸಮಾರಂಭಕ್ಕೆ ಬರಲಿಲ್ಲ. ತಾಯಿಯೊಂದಿಗೆ ಮಾತು ಬಿಟ್ಟಿದ್ದಾನೆಂದು ಕೇಳಿದೆ. ತಾಯಿಯನ್ನು ದೂರಬೇಕೋ ಬದುಕಿಸಿದ್ದಕ್ಕೆ ಕೈಮುಗಿಯಬೇಕೋ, ನನಗಂತೂ ತೋಚುವುದಿಲ್ಲ. ಅವನಿಗೆ ತಾನೇ ಹೇಗೆ ತೋಚೀತು?

ಹದಿನೈದು ದಿನ ಕಳೆದಿರಬೇಕು. ಮಧ್ಯಾಹ್ನ ಕಚೇರಿಯಲ್ಲಿ ಬೇರೆ ಯಾರೂ ಇಲ್ಲದಾಗ ಬಂದ. ನಡಾವಳಿ ಕೇಳಿದ. ತೆಗೆದುಕೊಟ್ಟೆ. ನಿಂತೇ ಓದಿದ, ಮತ್ತೆ ಮೊದಲಿನಿಂದ ಓದಿದ. ಖಾಲಿ ಬಿಟ್ಟ ಜಾಗವನ್ನು ಬೆರಳಿನಿಂದ ಮುಟ್ಟಿ, "ಇದು ನನಗಾಗಿಯೇ?" ಎಂದು ಕೇಳಿದ. ಹೌದೆಂದೆ. ಪೆನ್ನು ತೆಗೆದುಕೊಂಡು ಸಹಿ ಹಾಕಿದ, ಕೆಳಗೆ ಪೂರ್ತಿ ಹೆಸರು ಬರೆದ.

"ವಿಠ್ಠಲಣ್ಣ, ವರ್ಷಕ್ಕೆ ಎರಡು ಕೊಳಗವಲ್ಲವೇ ದೋಣಿಯ ಭತ್ತ?"

"ಎರಡು."

"ಏಳು ಸುಗ್ಗಿ ಆಯಿತು. ಹದಿನಾಲ್ಕು." ಸ್ವಲ್ಪ ಹೊತ್ತು ನಿಂತ. "ಗಣಪಣ್ಣ ತೆಗೆದುಕೊಳ್ಳುತ್ತಾನೆಯೇ?"

"ಗೊತ್ತಿಲ್ಲ ಮಾರಾಯ, ಕೇಳಿ ನೋಡು" ಎಂದೆ.

ಬೈಕನ್ನು ಅಲ್ಲೇ ಬಿಟ್ಟು, ಗಣಪನ ಮನೆಯ ಕಡೆಗೆ ನಡೆದು ಹೋದ.