ಚಿಕ್ಕಪ್ಪ, ಬಿಲ್ ಇಷ್ಟಾಗಿದ್ದು ಯಾಕೆ ಅಂದ್ರೆ

ಚಿಕ್ಕಪ್ಪ, ಚಿಕ್ಕಮ್ಮನ ಗಾಲ್ ಬ್ಲ್ಯಾಡರ್ ಆಪರೇಷನ್ನಿಗೆ ಆಸ್ಪತ್ರೆಯವರು ಕೊಟ್ಟ ಬಿಲ್ಲಿನ ಫೋಟೋ ನೋಡಿದೆ. ಒಟ್ಟು 1,33,415. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆಪರೇಷನ್ನಿನದೇ. ಸರ್ಜನ್ ಫೀ 35,000, ಅರಿವಳಿಕೆ ಡಾಕ್ಟರಿಗೆ 10,500, ಓಟಿ ಅಂದ್ರೆ ಆಪರೇಷನ್ ಥಿಯೇಟರಿನ ಬಾಡಿಗೆ 18,000, ಸಣ್ಣ ತೂತಿನ ಮೂಲಕ ಆಪರೇಷನ್ ಮಾಡುವ ಲ್ಯಾಪ್ರೋಸ್ಕೋಪಿ ಉಪಕರಣಕ್ಕೆ 8,000, ಎಲ್ಲ ಸೇರಿ 71,500. ಅರಿವಳಿಕೆಯ ಫೀಯನ್ನು ಸರ್ಜನ್ ಫೀಯ ಶೇ. 30 ಅಂತ ಹಾಕಿದ್ದಾರೆ, ಹೀಗೆ ಹಾಕುವುದು ಮಾಮೂಲು.

ರೂಮ್ 5,500ರಂತೆ 3 ದಿನ, 16,500. ಅದರ ಕೆಳಗಿನ 825 ಜಿಎಸ್‌ಟಿ. ದಿನದ ಬಾಡಿಗೆ 5,000 ದಾಟಿದರೆ ಶೇ. 5 ಬೀಳುತ್ತದೆ, ಐಸಿಯು ಬಿಟ್ಟು. ಇದು 2022ರ ಜುಲೈಯಿಂದ ಇದೆ, ಇವರು ಸುಮ್ನೆ ಸೇರಿಸಿದ್ದಲ್ಲ. ಆದರೆ ಅಸಲು ಹೊಡೆತ ಬಿದ್ದಿರುವುದು ಬಾಡಿಗೆಯಲ್ಲಿ ಅಲ್ಲ. ತುಂಬಾ ಖಾಸಗಿ ಆಸ್ಪತ್ರೆಗಳಲ್ಲಿ ರೂಮಿನ ದರ್ಜೆ ಏರಿದ ಹಾಗೆ ಸರ್ಜನ್ ಫೀ, ಓಟಿ, ಡಾಕ್ಟರ್ ವಿಸಿಟ್ ಎಲ್ಲವೂ ಏರುತ್ತವೆ, ಆಪರೇಷನ್ ಅದೇ, ಡಾಕ್ಟರೂ ಅವರೇ. ಅವರು ಮೊದಲು ಕೊಟ್ಟ ಅಂದಾಜು 95,000ದಿಂದ 1,10,000 ಇತ್ತಲ್ವಾ, ಅದರ ಮೇಲೆ ಟ್ವಿನ್ ಶೇರಿಂಗ್, ಅಂದ್ರೆ ಇಬ್ಬರು ರೋಗಿಗಳಿರುವ ರೂಮ್ ಅಂತ ಬರೆದಿದೆ. ಆಮೇಲೆ ಚಿಕ್ಕಮ್ಮನಿಗೆ ನಿದ್ದೆ ಬರಲಿ ಅಂತ ಸಿಂಗಲ್ ರೂಮ್ ತಗೊಂಡಿರಿ. ತಪ್ಪೇನಿಲ್ಲ, ಆದರೆ ಆಗಲೇ ಅವರು ಹೇಳಬೇಕಿತ್ತು.

ಲ್ಯಾಬ್ ಮತ್ತು ಸ್ಕ್ಯಾನ್ 9,350, ವಿಸಿಟ್ 4,000, ನರ್ಸಿಂಗ್ 2,400, ರಿಜಿಸ್ಟ್ರೇಷನ್ 1,200. ಇವು ನನಗೆ ಅಂಥ ವಿಚಿತ್ರ ಅನಿಸಲಿಲ್ಲ.

ನನಗೆ ಅನುಮಾನ ಇರುವುದು ಔಷಧಿಯ ಸಾಲಿನ ಮೇಲೆ. "ಮೆಡಿಸಿನ್ ಅಂಡ್ ಕನ್ಸ್ಯೂಮಬಲ್ಸ್ 27,640" ಅಂತ ಒಂದೇ ಸಾಲು. ಇದರಲ್ಲಿ ಮಾತ್ರೆ, ಇಂಜೆಕ್ಷನ್ ಕಮ್ಮಿ ಇರುತ್ತದೆ. ಗ್ಲೌಸ್, ಡ್ರಿಪ್ ಸೆಟ್, ಹೊಲಿಗೆ ದಾರ, ಗಾಲ್ ಬ್ಲ್ಯಾಡರಿನ ನಾಳಕ್ಕೆ ಹಾಕುವ ಕ್ಲಿಪ್, ಇಂಥ ಒಂದೇ ಸಲ ಬಳಸಿ ಬಿಸಾಡುವ ಸಾಮಾನೇ ಜಾಸ್ತಿ, ಎಲ್ಲ ಎಂಆರ್‌ಪಿ ದರದಲ್ಲೇ. ಓಟಿಗೆ ತರಿಸಿದ್ದರಲ್ಲಿ ಒಂದಷ್ಟು ಬಳಸದೆ ಉಳಿದು ಫಾರ್ಮಸಿಗೆ ವಾಪಸ್ ಹೋಗಬೇಕು, ಆ ರಿಟರ್ನ್ ಮೊತ್ತ ಬಿಲ್ಲಿನಲ್ಲಿ ಕಳೆದಿರಬೇಕು. ಈ ಫೋಟೋದಲ್ಲಿ ರಿಟರ್ನ್ ಅನ್ನುವ ಸಾಲೇ ಇಲ್ಲ.

ಹಾಗಾಗಿ ದುಡ್ಡು ಕಟ್ಟುವ ಮುಂಚೆ ಬಿಲ್ಲಿಂಗ್ ಕೌಂಟರಿನಲ್ಲಿ ಫಾರ್ಮಸಿಯ ಪೂರ್ತಿ ಪಟ್ಟಿ, ರಿಟರ್ನ್ ಸಮೇತ, ಪ್ರಿಂಟ್ ಹಾಕಿಸಿಕೊಳ್ಳಿ. ಹಾಗೇ ಉಪಕರಣದ 8,000 ಓಟಿ ಬಾಡಿಗೆಯೊಳಗೇ ಬರಲ್ವಾ ಅಂತ ಕೇಳಿ. ಇನ್ನೊಂದು, ಸೋಮವಾರ ಸಂಜೆ 6ಕ್ಕೆ ಸೇರಿಸಿ ಬುಧವಾರ ಮಧ್ಯಾಹ್ನ ಬಿಡುತ್ತಿದ್ದಾರೆ, 3 ದಿನ ಹೇಗಾಯ್ತು, ತಾರೀಖಿನ ಲೆಕ್ಕವೋ 24 ಗಂಟೆಯ ಲೆಕ್ಕವೋ? ಗಂಟೆ ಲೆಕ್ಕವಾದರೆ 2 ದಿನಕ್ಕೆ ಮುಗಿಯಬೇಕು. ಜಗಳ ಬೇಡ, ಹಾಗೇ ಕೇಳಿ. ಸರ್ಜನ್ ಫೀ ಕಮ್ಮಿ ಮಾಡಿ ಅಂತ ಕೌಂಟರಿನವರನ್ನು ಕೇಳಿ ಪ್ರಯೋಜನವಿಲ್ಲ, ಅದು ಅವರ ಕೈಲಿಲ್ಲ, ಬೇಕಾದರೆ ಡಾಕ್ಟರ್ ರೌಂಡ್ಸಿಗೆ ಬಂದಾಗ ನೇರವಾಗಿ ಮಾತಾಡಿ.

ಪಟ್ಟಿ ಸಿಕ್ಕ ತಕ್ಷಣ ಎಲ್ಲ ಪುಟದ ಫೋಟೋ ಕಳಿಸಿ, ಮೂಲೆ ಕಟ್ ಆಗದ ಹಾಗೆ. ನಾನು ಆಫೀಸಿನಲ್ಲೇ ಇದ್ದೇನೆ, ನೋಡಿ ಹೇಳುತ್ತೇನೆ.