ಟ್ರೋಪೋನಿನ್ ಐ: ಡಿಸೆಂಬರ್ 1ರಿಂದ ಹೊಸ ಯೂನಿಟ್, ಹೊಸ ಕಟ್‌ಆಫ್

ತುಮಕೂರು
24 ನವೆಂಬರ್ 2025

ತುಮಕೂರು, ಗುಬ್ಬಿ, ಶಿರಾ, ಕುಣಿಗಲ್ ಕಡೆಯಿಂದ ನಮ್ಮ ಲ್ಯಾಬ್‌ಗೆ ಸ್ಯಾಂಪಲ್ ಕಳಿಸುವ ಎಲ್ಲ ವೈದ್ಯರಿಗೆ,

ನಮಸ್ಕಾರ. ಡಿಸೆಂಬರ್ 1, ಸೋಮವಾರ ಬೆಳಗ್ಗೆ 8 ಗಂಟೆಯಿಂದ ನಮ್ಮಲ್ಲಿ ಹೈ ಸೆನ್ಸಿಟಿವಿಟಿ ಟ್ರೋಪೋನಿನ್ ಐ ಪರೀಕ್ಷೆ ಶುರುವಾಗುತ್ತದೆ. ಹಳೆಯ ಕಿಟ್ ಅಂದೇ ನಿಲ್ಲುತ್ತದೆ. ಇದುವರೆಗೆ ng/mLನಲ್ಲಿ ಬರುತ್ತಿದ್ದ ಫಲಿತಾಂಶ ಇನ್ನು ng/Lನಲ್ಲಿ, ದಶಾಂಶವಿಲ್ಲದ ಪೂರ್ಣಸಂಖ್ಯೆಯಾಗಿ ಬರುತ್ತದೆ. ಹಳೆಯ 1 ng/mL ಎಂದರೆ 1000 ng/L.

ನನಗೆ ಹೆಚ್ಚು ಆತಂಕವಿರುವುದು ಇಲ್ಲೇ. ಶುಕ್ರವಾರದ ರಿಪೋರ್ಟ್‌ನಲ್ಲಿ 0.02 ಇದ್ದ ರೋಗಿಗೆ ಸೋಮವಾರ 20 ಬಂದರೆ, ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವ ಡ್ಯೂಟಿ ಡಾಕ್ಟರ್ ಅದನ್ನು ಸಾವಿರ ಪಟ್ಟು ಏರಿಕೆ ಎಂದುಕೊಳ್ಳಬಹುದು. ದಯವಿಟ್ಟು ಸಂಖ್ಯೆಯ ಜೊತೆ ಯೂನಿಟ್ ಬರೆಯಿರಿ, ಬೆಂಗಳೂರಿಗೆ ರೆಫರ್ ಮಾಡುವ ಚೀಟಿಯಲ್ಲಂತೂ ತಪ್ಪದೆ. ಫೋನಿನಲ್ಲಿ ರಿಸಲ್ಟ್ ಹೇಳುವಾಗ ನಮ್ಮ ಟೆಕ್ನಿಷಿಯನ್‌ಗಳು ಯೂನಿಟ್ಟನ್ನೂ ಓದಿ ಹೇಳುತ್ತಾರೆ, ಕೇಳಿಸಿಕೊಂಡವರು ಮರಳಿ ಹೇಳುವವರೆಗೆ ಫೋನ್ ಇಡುವುದಿಲ್ಲ.

ಕಟ್‌ಆಫ್ ಕೂಡ ಬದಲಾಗಿದೆ. ಮೊದಲು ಎಲ್ಲರಿಗೂ 0.04 ng/mL ಇತ್ತು. ಹೊಸ ಕಿಟ್‌ನ 99ನೇ ಪರ್ಸೆಂಟೈಲ್ ಹೆಂಗಸರಿಗೆ 16 ng/L, ಗಂಡಸರಿಗೆ 34 ng/L. ಐವತ್ತು ದಾಟಿದ ಹೆಂಗಸೊಬ್ಬರು ಎದೆ ಹಿಂಡಿದಂತಾಗುತ್ತಿದೆ ಎಂದು ಬಂದಿದ್ದಾರೆ, ಟ್ರೋಪೋನಿನ್ 22 ಎಂದಿಟ್ಟುಕೊಳ್ಳಿ. ಹಳೆಯ ಕಟ್‌ಆಫ್‌ನಲ್ಲಿ ಅವರು ನೆಗೆಟಿವ್ ಎನಿಸಿಕೊಂಡು ಮನೆಗೆ ಹೋಗಬಹುದಿತ್ತು. ಈಗ ಅದು ಕಟ್‌ಆಫ್ ಮೀರಿದ ಮೌಲ್ಯ. ಈ ಬದಲಾವಣೆ ಬೇಕೇ ಬೇಕು ಎಂದು ನಾನು ಪಟ್ಟು ಹಿಡಿದದ್ದು ಇಂಥವರಿಗಾಗಿ.

ಹಾಗೆಂದು ಕಟ್‌ಆಫ್ ಮೀರಿದ್ದೆಲ್ಲ ಹಾರ್ಟ್ ಅಟ್ಯಾಕ್ ಅಲ್ಲ. ಕಿಡ್ನಿ ಕಾಯಿಲೆ, ಹಾರ್ಟ್ ಫೇಲ್ಯೂರ್, ಸೆಪ್ಸಿಸ್, ಮಯೋಕಾರ್ಡೈಟಿಸ್‌ಗಳಲ್ಲೂ ಏರುತ್ತದೆ, ಹೊಸ ಪರೀಕ್ಷೆಯಲ್ಲಿ ಅದು ಇನ್ನೂ ಹೆಚ್ಚಾಗಿ ಕಾಣಿಸುತ್ತದೆ. ಮೌಲ್ಯ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಬೇಕು, ಜೊತೆಗೆ ರೋಗಲಕ್ಷಣ, ಇಸಿಜಿ ಹೊಂದಬೇಕು. ಆದ್ದರಿಂದ ರೋಗಿ ಬಂದ ಕೂಡಲೇ ಒಂದು, ಅದಾಗಿ 3 ಗಂಟೆ ಕಳೆದ ಮೇಲೆ ಇನ್ನೊಂದು ಸ್ಯಾಂಪಲ್ ಕಳಿಸಿ, ಟ್ಯೂಬಿನ ಮೇಲೆ ರಕ್ತ ತೆಗೆದ ಸಮಯ ಬರೆಯಿರಿ. ನೋವು ಶುರುವಾಗಿ 3 ಗಂಟೆ ಆಗಿರದಿದ್ದರೆ ಮೊದಲ ಸ್ಯಾಂಪಲ್ ಒಂದನ್ನೇ ನಂಬಬೇಡಿ. ಇಸಿಜಿಯಲ್ಲಿ ಎಸ್‌ಟಿ ಎಲಿವೇಶನ್ ಇದ್ದರೆ ನಮ್ಮ ರಿಪೋರ್ಟ್‌ಗೆ ಕಾಯಲೇಬೇಡಿ.

ಒಬ್ಬ ರೋಗಿಯ ಎರಡೂ ಸ್ಯಾಂಪಲ್ ಒಂದೇ ಲ್ಯಾಬ್‌ನಲ್ಲಾಗಲಿ. ಒಂದು ಕಂಪನಿಯ ಕಿಟ್‌ನ ಸಂಖ್ಯೆಯನ್ನು ಇನ್ನೊಂದರ ಕಟ್‌ಆಫ್‌ಗೆ ಹಿಡಿದು ನೋಡಲು ಬರುವುದಿಲ್ಲ, ಯೂನಿಟ್ ಒಂದೇ ಇದ್ದರೂ. ಟ್ರೋಪೋನಿನ್ ಟಿ ಬೇರೆಯೇ ಪರೀಕ್ಷೆ. ಭಾನುವಾರದ ಹಳೆಯ ಕಿಟ್‌ನ ರಿಸಲ್ಟ್ ಇರುವವರಿಗೆ ಸೋಮವಾರ ಹೊಸದಾಗಿ ಎರಡು ಸ್ಯಾಂಪಲ್ ಬೇಕು. ಎರಡನೆಯದಕ್ಕೆ ಡಿಸೆಂಬರ್ 1 ಮತ್ತು 2ರಂದು ಶುಲ್ಕ ತೆಗೆದುಕೊಳ್ಳುವುದಿಲ್ಲ.

ವಾರ್ಡ್ ಮತ್ತು ಕ್ಯಾಶುವಾಲಿಟಿಯ ಗೋಡೆಗೆ ಅಂಟಿಸಲು ಹೊಸ ಕಟ್‌ಆಫ್ ಚೀಟಿ ಜೊತೆಗಿದೆ. 0.04 ಎಂದಿರುವ ಹಳೆಯದನ್ನು ಕಿತ್ತು ಹಾಕಿಸಿ.

ಇಂತಿ,
ಮುಖ್ಯಸ್ಥೆ, ಬಯೋಕೆಮಿಸ್ಟ್ರಿ ಪ್ರಯೋಗಾಲಯ